ಫೋಟೊ ನೋಡಿ ತಳಿ ಹೇಳುವುದು: ಹಿಣಿಲು ಮೊದಲು, ಬಣ್ಣ ಕೊನೆಗೆ

ಯಲಹಂಕದಲ್ಲಿರುವ ನನ್ನ ಚಿಕ್ಕಪ್ಪನ ಮಗ ದೊಡ್ಡಬಳ್ಳಾಪುರದ ಹತ್ತಿರ ಎರಡು ಎಕರೆ ಜಮೀನು ತೆಗೆದುಕೊಂಡ. ಕೊಳವೆಬಾವಿ ಕೊರೆಸುವ ಮೊದಲೇ ಅವನಿಗೆ ಹಸುವಿನ ಆಸೆ ಹತ್ತಿತು. ಒಂದು ಭಾನುವಾರ ಬೆಳಗ್ಗೆ ನನ್ನ ಮೊಬೈಲಿಗೆ ಐದು ಫೋಟೊ ಬಂದವು. ಕೆಳಗೆ ಒಂದು ಸಾಲು: ‘ಅಣ್ಣ, ಶುದ್ಧ ಗಿರ್ ಅಂತೆ. 85,000 ಹೇಳುತ್ತಿದ್ದಾರೆ. ಸಂಜೆಯೊಳಗೆ ಮುಂಗಡ ಕೊಡಬೇಕಂತೆ, ನೋಡಿ ಹೇಳು.’

ಮಾಗಡಿ ಕಡೆಯ ಹಳ್ಳಿಯಲ್ಲಿ ಹಳ್ಳಿಕಾರ್ ಎತ್ತುಗಳ ನಡುವೆ ಬೆಳೆದವನು ಎಂಬ ಒಂದೇ ಕಾರಣಕ್ಕೆ ನೆಂಟರಲ್ಲಿ ಯಾರು ದನ ಕೊಳ್ಳಲು ಹೊರಟರೂ ಫೋಟೊ ನನಗೇ ಬರುತ್ತದೆ. ಹಾಗೆ ಬಂದವುಗಳನ್ನು ನೋಡಿ ನೋಡಿ ನನಗೊಂದು ಕ್ರಮ ಕೂತಿದೆ. ಹಸುವಾದರೆ ಮೊದಲು ಹಿಣಿಲು, ಆಮೇಲೆ ಹಣೆ ಮತ್ತು ಕಿವಿ, ಅದಾದ ಮೇಲೆ ಕೊಂಬು, ಎಲ್ಲಕ್ಕಿಂತ ಕೊನೆಗೆ ಬಣ್ಣ. ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಕೆಂಪಗಿದ್ದು ಬಿಳಿ ಚುಕ್ಕೆಯಿದ್ದರೆ ಗಿರ್, ಬೂದು ಬಣ್ಣವಿದ್ದರೆ ಹಳ್ಳಿಕಾರ್, ಕಪ್ಪುಬಿಳುಪಾದರೆ ಸೀಮೆಹಸು ಎಂದು ತೀರ್ಮಾನಿಸಿಬಿಡುತ್ತಾರೆ. ಬೀದರ್ ಕಡೆಯ ದೇವಣಿ ಕೂಡ ಕಪ್ಪುಬಿಳುಪೇ. ಅದರ ಹಿಣಿಲನ್ನೂ ಜೋತ ಕಿವಿಯನ್ನೂ ನೋಡದೆ ಸೀಮೆಹಸು ಎಂದವರನ್ನು ನಾನೇ ಕಂಡಿದ್ದೇನೆ.

ಹಿಣಿಲು ಏನು ಹೇಳುತ್ತದೆ

ಭುಜದ ಮೇಲಿನ ಈ ಡುಬ್ಬ ನಮ್ಮ ನಾಟಿ ದನಗಳ ಗುರುತು. ಹೋಲ್‌ಸ್ಟೀನ್, ಜರ್ಸಿಗಳಿಗೆ ಅದು ಇಲ್ಲ. ಅವುಗಳ ಬೆನ್ನು ಕತ್ತಿನಿಂದ ಬಾಲದ ಬುಡದವರೆಗೆ ಹೆಚ್ಚುಕಡಿಮೆ ಒಂದೇ ಗೆರೆ. ನಾಟಿ ಹಸುವಿಗೆ ಸೀಮೆ ಹೋರಿಯ ವೀರ್ಯ ಕೊಡಿಸಿದರೆ ಹುಟ್ಟುವ ಹೆಣ್ಣುಕರುವಿನಲ್ಲಿ ಹಿಣಿಲು ಒಂದು ಸಣ್ಣ ಏರಿನಷ್ಟಕ್ಕೆ ಇಳಿಯುತ್ತದೆ. ಇನ್ನೊಮ್ಮೆ ಸೀಮೆ ರಕ್ತ ಸೇರಿದರೆ ಆ ಏರೂ ಮಾಯವಾಗುತ್ತದೆ. ಆದ್ದರಿಂದ ‘ಶುದ್ಧ ನಾಟಿ’ ಎಂದು ಹೇಳುವ ಹಸುವಿನ ಫೋಟೊದಲ್ಲಿ ಮೊದಲು ಹುಡುಕಬೇಕಾದದ್ದು ಭುಜದ ಮೇಲಿನ ಉಬ್ಬನ್ನು. ಅದರ ಜೊತೆಗೆ ಹಿಂಭಾಗವನ್ನೂ ನೋಡಬೇಕು. ನಾಟಿ ದನದ ಸೊಂಟದಿಂದ ಬಾಲದ ಕಡೆಗೆ ಇಳಿಜಾರು ಇರುತ್ತದೆ, ಸೀಮೆಹಸುವಿನದು ಮಟ್ಟಸ.

ಇದರಲ್ಲಿ ಎಡವುವ ಜಾಗಗಳೂ ಇವೆ. ಹೋರಿಯ ಹಿಣಿಲು ದೊಡ್ಡದು, ಹಸುವಿನದು ಚಿಕ್ಕದು. ಹೋರಿಯ ಫೋಟೊ ನೋಡಿ ಕಣ್ಣು ಪಳಗಿದವರಿಗೆ ಶುದ್ಧ ನಾಟಿ ಹಸುವೂ ಮಿಶ್ರತಳಿಯಂತೆ ಕಾಣಬಹುದು. ಹೊಟ್ಟೆಗಿಲ್ಲದೆ ಬಡಕಲಾದ ಹಸುವಿನಲ್ಲಿ ಹಿಣಿಲು ಇನ್ನೂ ಕುಗ್ಗುತ್ತದೆ. ಹಸು ಬಾನಿಗೆ ತಲೆ ಹಾಕಿ ನಿಂತಿದ್ದರೆ ಬೆನ್ನಿನ ಗೆರೆಯೇ ಬದಲಾಗಿ ಹಿಣಿಲು ಎಷ್ಟಿದೆ ಎಂದು ಹೇಳಲು ಬರುವುದಿಲ್ಲ. ಎದುರಿನಿಂದ ತೆಗೆದ ಫೋಟೊದಲ್ಲಂತೂ ಅದು ತಲೆಯ ಹಿಂದೆ ಅಡಗಿಯೇ ಹೋಗುತ್ತದೆ. ಮಾರುವವರು ಕಳಿಸುವ ಫೋಟೊಗಳಲ್ಲಿ ಮುಕ್ಕಾಲುಪಾಲು ಎದುರಿನಿಂದ ತೆಗೆದವೇ ಆಗಿರುವುದು ಆಕಸ್ಮಿಕವೋ ಅಲ್ಲವೋ ನೀವೇ ಊಹಿಸಿ.

ಗಂಗೆದೊಗಲನ್ನೂ ಕೆಲವರು ಇದೇ ಪರೀಕ್ಷೆಗೆ ಬಳಸುತ್ತಾರೆ. ಗಂಟಲ ಕೆಳಗೆ ಜೋಲುವ ತೊಗಲು ಇದ್ದರೆ ನಾಟಿ, ಇಲ್ಲದಿದ್ದರೆ ಮಿಶ್ರ ಎಂಬ ಲೆಕ್ಕ ಅದು. ಗಿರ್, ಸಾಹಿವಾಲ್‌ಗಳಿಗೆ ಇದು ಸರಿ. ಅವುಗಳ ತೊಗಲು ಸಡಿಲ, ಗಂಗೆದೊಗಲು ದೊಡ್ಡದು, ಹೊಕ್ಕುಳ ಬಳಿಯೂ ತೊಗಲು ಜೋಲುತ್ತದೆ. ಆದರೆ ನಮ್ಮ ಹಳ್ಳಿಕಾರ್‌ನ ಗಂಗೆದೊಗಲು ತೆಳು, ಹೊಕ್ಕುಳ ಬಳಿ ಮೈಗೆ ಅಂಟಿದಂತೆ ಬಿಗಿ. ಓಡುವ, ಎಳೆಯುವ ದನ ಅದು. ಗಿರ್‌ನ ಅಳತೆಗೋಲನ್ನು ಹಳ್ಳಿಕಾರ್ ಮೇಲೆ ಇಟ್ಟರೆ ಶುದ್ಧವಾದದ್ದೇ ಕಲಬೆರಕೆ ಎನಿಸಿಕೊಳ್ಳುತ್ತದೆ.

ಕೆಂಪು ಹಸುಗಳು: ಗಿರ್, ಸಾಹಿವಾಲ್, ಕೆಂಪು ಸಿಂಧಿ ಮತ್ತು ಜರ್ಸಿ ಮಿಶ್ರ

ಬೆಂಗಳೂರಿನ ಸುತ್ತ ನಾಟಿ ಹಾಲಿಗೆ ಬೇಡಿಕೆ ಹೆಚ್ಚಿದ ಮೇಲೆ ಅತಿ ಹೆಚ್ಚು ಗೊಂದಲ ಆಗುವುದು ಈ ನಾಲ್ಕರ ನಡುವೆಯೇ. ನಾಲ್ಕೂ ಕೆಂಪು ಅಥವಾ ಕಂದು. ಬೇರ್ಪಡಿಸಲು ಮುಖ ನೋಡಬೇಕು.

ಗಿರ್‌ನ ಹಣೆ ಗುಮ್ಮಟದಂತೆ ಮುಂದಕ್ಕೆ ಉಬ್ಬಿರುತ್ತದೆ, ಅಗಲವಾಗಿರುತ್ತದೆ. ಆ ಉಬ್ಬಿನಿಂದಾಗಿ ಕಣ್ಣುಗಳು ಅರೆ ಮುಚ್ಚಿದಂತೆ, ತೂಕಡಿಸುತ್ತಿರುವಂತೆ ಕಾಣುತ್ತವೆ. ಕಿವಿ ಉದ್ದ, ಕೆಳಕ್ಕೆ ಜೋತಿರುತ್ತದೆ, ಒಣಗಿ ಸುರುಳಿಯಾದ ಎಲೆಯಂತೆ ಒಳಕ್ಕೆ ಮಡಚಿಕೊಂಡು ತುದಿಯಲ್ಲಿ ಸಣ್ಣ ಕಚ್ಚು ಇರುತ್ತದೆ. ಇಡೀ ಗಿರ್‌ನಲ್ಲಿ ನಾನು ಅತಿ ಹೆಚ್ಚು ನಂಬುವುದು ಈ ಕಿವಿಯನ್ನು, ಏಕೆಂದರೆ ಅದು ಕರುವಿನಲ್ಲೇ ಕಾಣುತ್ತದೆ, ಕೊಂಬಿನಂತೆ ವರ್ಷಗಟ್ಟಲೆ ಕಾಯಬೇಕಾಗಿಲ್ಲ. ಕೊಂಬಿನದೂ ವಿಶೇಷವೇ. ಹಣೆಯ ಉಬ್ಬು ಬುಡವನ್ನು ಪಕ್ಕಕ್ಕೆ ತಳ್ಳಿದಂತೆ ಅದು ಮೊದಲು ಕೆಳಕ್ಕೆ ಮತ್ತು ಹಿಂದಕ್ಕೆ ಹೊರಟು, ಆಮೇಲೆ ತುಸು ಮೇಲಕ್ಕೂ ಮುಂದಕ್ಕೂ ತಿರುಗಿ ಅರ್ಧಚಂದ್ರದಂತಾಗುತ್ತದೆ. ಬುಡದಿಂದಲೇ ನೇರ ಮೇಲಕ್ಕೆ ಎದ್ದ ಕೊಂಬು ಗಿರ್‌ನದಲ್ಲ.

ಸಾಹಿವಾಲ್‌ನ ಕೊಂಬು ಗಿಡ್ಡ ಮತ್ತು ಮೊಂಡು. ಹಸುಗಳಲ್ಲಿ ಎಷ್ಟೋ ಸಲ ಅದು ಬುಡದಲ್ಲಿ ಸಡಿಲವಾಗಿ ಅಲ್ಲಾಡುತ್ತದೆ, ವಿಡಿಯೊ ಇದ್ದರೆ ಗೊತ್ತಾಗುತ್ತದೆ. ಕಿವಿ ಮಧ್ಯಮ, ಅಂಚಿನಲ್ಲಿ ಕಪ್ಪು ಕೂದಲು. ಹಣೆಯಲ್ಲಿ ಗಿರ್‌ನ ಗುಮ್ಮಟ ಇಲ್ಲ. ಕೆಂಪು ಸಿಂಧಿಯ ಕೊಂಬು ಬುಡದಲ್ಲಿ ದಪ್ಪ, ಪಕ್ಕಕ್ಕೆ ಹೊರಟು ಮೇಲಕ್ಕೆ ಬಾಗುತ್ತದೆ. ಮೈ ಗಾಢ ಕೆಂಪು, ಗಂಗೆದೊಗಲಿನಲ್ಲೋ ಹಣೆಯಲ್ಲೋ ಒಂದಿಷ್ಟು ಬಿಳಿ ಇರಬಹುದು. ಸಾಹಿವಾಲ್ ಮತ್ತು ಸಿಂಧಿಯನ್ನು ಒಂದೇ ಫೋಟೊದಿಂದ ಬೇರ್ಪಡಿಸುವುದು ನನಗೂ ಕಷ್ಟ. ಹಾಲಿಗಾಗಿ ಒಂದು ಹಸು ಕೊಳ್ಳುವವನಿಗೆ ಆ ಭೇದ ಅಷ್ಟೇನೂ ಮುಖ್ಯವಲ್ಲ.

ಮುಖ್ಯವಾದದ್ದು ನಾಲ್ಕನೆಯದು. ಹೋಲ್‌ಸ್ಟೀನ್ ಮಿಶ್ರ ಮಾಡಿದರೆ ಕಪ್ಪು ಬಣ್ಣ ಮೇಲುಗೈ ಪಡೆದು ಕರು ಸಾಮಾನ್ಯವಾಗಿ ಕಪ್ಪಾಗಿಬಿಡುತ್ತದೆ, ಗುಟ್ಟು ರಟ್ಟಾಗುತ್ತದೆ. ಜರ್ಸಿ ಹಾಗಲ್ಲ. ಜರ್ಸಿಯೂ ಕಂದು, ಗಿರ್ ಕೆಂಪು, ಇವೆರಡರ ಕರು ಕೆಂಪುಗಂದು. ಬಣ್ಣ ನೋಡಿದವನು ಮೋಸ ಹೋಗುವುದು ಇಲ್ಲಿ. ಜರ್ಸಿ ಬೆರೆತರೆ ಹಣೆ ಉಬ್ಬುವ ಬದಲು ಕಣ್ಣುಗಳ ನಡುವೆ ತಟ್ಟೆಯಂತೆ ತಗ್ಗಾಗುತ್ತದೆ ಅಥವಾ ಚಪ್ಪಟೆಯಾಗುತ್ತದೆ, ಕಣ್ಣು ಅಗಲವಾಗಿ ತೆರೆದಿರುತ್ತದೆ, ಕಿವಿ ಗಿಡ್ಡವಾಗಿ ಪಕ್ಕಕ್ಕೆ ಚಾಚುತ್ತದೆ. ಕಪ್ಪು ಮೂತಿಯ ಸುತ್ತ ಹಿಟ್ಟು ಮೆತ್ತಿದಂತೆ ಬಿಳಿಚಿದ ಬಳೆ ಕಂಡರೆ, ಕೆಂಪು ಹಸುವಿನಲ್ಲಿ, ಜರ್ಸಿಯ ಅನುಮಾನ ಗಟ್ಟಿಯಾಗುತ್ತದೆ.

ಈಗ ಆ ಐದು ಫೋಟೊಗಳಿಗೆ ಬರುತ್ತೇನೆ. ಮೊದಲನೆಯದು ಮುಖದ ಹತ್ತಿರದ ಚಿತ್ರ. ಹಸು ತಲೆ ತಗ್ಗಿಸಿದೆ, ಮೊಬೈಲ್ ಅದರ ಹಣೆಯಿಂದ ಎರಡು ಅಡಿಯೂ ದೂರವಿಲ್ಲ. ಹಣೆ ಕುಂಬಳಕಾಯಿಯಂತೆ ಕಂಡಿತು. ಮೊಬೈಲ್ ಕ್ಯಾಮೆರಾ ಹತ್ತಿರವಿರುವುದನ್ನು ಹಿಗ್ಗಿಸಿ ತೋರಿಸುತ್ತದೆ, ಇಷ್ಟು ಹತ್ತಿರದಿಂದ ತೆಗೆದರೆ ನನ್ನ ಹಣೆಯೂ ಗಿರ್‌ನದೇ. ಎರಡನೆಯದು ಪಕ್ಕದಿಂದ ತೆಗೆದದ್ದು, ಆದರೆ ಕೊಟ್ಟಿಗೆಯ ಕಂಬ ಸರಿಯಾಗಿ ಭುಜದ ಮೇಲೆ ಬಂದಿತ್ತು. ಮೂರನೆಯದರಲ್ಲಿ ಬರೀ ಕೆಚ್ಚಲು ಮತ್ತು ಹಾಲಿನ ಕ್ಯಾನು. ನಾಲ್ಕನೆಯದರಲ್ಲಿ ಹಾರ ಹಾಕಿ, ಕೊಂಬಿಗೆ ಬಣ್ಣ ಬಳಿದು, ಮೈಗೆಲ್ಲ ಅರಿಸಿನ ಹಚ್ಚಿದ ಸಂಕ್ರಾಂತಿಯ ಹಸು. ಬಣ್ಣ ನೋಡುವ ಪ್ರಶ್ನೆಯೇ ಇಲ್ಲ. ಐದನೆಯದರಲ್ಲಿ ಮಾರುವವರು ಹಸುವಿನ ಹಗ್ಗ ಹಿಡಿದು ನಿಂತಿದ್ದರು, ಹಸು ಯಾವುದೋ ಸದ್ದಿಗೆ ತಲೆ ಎತ್ತಿತ್ತು.

ಆ ಐದನೆಯದೇ ಉಪಯೋಗಕ್ಕೆ ಬಂದದ್ದು. ಸದ್ದು ಕೇಳಿದ ಹಸುವಿನ ಎರಡೂ ಕಿವಿಗಳು ಪಕ್ಕಕ್ಕೆ, ನೆಲಕ್ಕೆ ಸಮನಾಗಿ ಚಾಚಿದ್ದವು. ಗಿರ್ ಕೂಡ ಕಿವಿ ಆಡಿಸುತ್ತದೆ, ಆದರೆ ಅಷ್ಟುದ್ದದ ಜೋತ ಕಿವಿ ಹೀಗೆ ಎಲೆ ಚಾಚಿದಂತೆ ನಿಲ್ಲುವುದಿಲ್ಲ. ಮಡಿಕೆ ಇಲ್ಲ, ತುದಿಯ ಕಚ್ಚೂ ಇಲ್ಲ. ಬಣ್ಣ ಬಳಿದ ಕೊಂಬು ಹೊರಕ್ಕೂ ಮೇಲಕ್ಕೂ ಎದ್ದಿತ್ತು. ಮೂತಿಯ ಸುತ್ತ ಬಿಳಿಚು ಬಳೆ.

‘ಮುಂಗಡ ಕೊಡಬೇಡ. ಇನ್ನು ನಾಲ್ಕು ಫೋಟೊ ಕೇಳು’ ಎಂದೆ.

ನಾನು ಕೇಳಿಸಿದ ನಾಲ್ಕು ಫೋಟೊ ಇವು, ಯಾರೇ ಹಸು ಕೊಳ್ಳುವುದಾದರೂ ಇವೇ ಸಾಕು. ಸಮತಟ್ಟು ನೆಲದಲ್ಲಿ ತಲೆ ಎತ್ತಿ ನಿಂತ ಹಸುವನ್ನು ಸುಮಾರು ಹತ್ತು ಅಡಿ ದೂರದಿಂದ, ಮೊಬೈಲನ್ನು ಹಸುವಿನ ಭುಜದ ಎತ್ತರಕ್ಕೆ ಹಿಡಿದು ಪಕ್ಕದಿಂದ ಒಂದು. ಮುಖದ ಪಕ್ಕನೋಟ ಒಂದು, ಹಣೆ ಉಬ್ಬಿದೆಯೋ ತಗ್ಗಿದೆಯೋ ತಿಳಿಯುವುದು ಇದರಲ್ಲಿ ಮಾತ್ರ. ಎದುರಿನಿಂದ, ಅದೇ ಹತ್ತು ಅಡಿಯಿಂದ ಒಂದು. ಕೊನೆಯದು ಕಿವಿಯದು, ಅದರಲ್ಲಿರುವ ಹಳದಿ ಬಿಲ್ಲೆಯ ಸಂಖ್ಯೆ ಓದುವಂತೆ. ಮಧ್ಯಾಹ್ನದ ನೆರಳಿನಲ್ಲಿ ತೆಗೆದರೆ ಒಳ್ಳೆಯದು. ಸಂಜೆಯ ಬಿಸಿಲಿನಲ್ಲಿ ಬೂದು ಹಸು ಗೋಧಿ ಬಣ್ಣವಾಗುತ್ತದೆ, ಕಂದು ಹಸು ಕೆಂಪಾಗುತ್ತದೆ.

ಫೋಟೊ ಬರಲು ಎರಡು ದಿನ ಹಿಡಿಯಿತು. ಪಕ್ಕದ ಚಿತ್ರದಲ್ಲಿ ಭುಜದ ಮೇಲೆ ಅಂಗೈ ಮಗುಚಿದಷ್ಟು ಏರು, ಅಲ್ಲಿಂದ ಬಾಲದವರೆಗೆ ಸಪಾಟು ಬೆನ್ನು. ಮುಖದ ಪಕ್ಕನೋಟದಲ್ಲಿ ಹಣೆ ನೇರ. ಗಿರ್ ತಾಯಿಗೆ ಜರ್ಸಿ ಕೊಡಿಸಿ ಹುಟ್ಟಿದ ಹಸು ಎಂದೆ. ದಿನಕ್ಕೆ 12 ಲೀಟರ್ ಹಾಲು ಎಂಬ ಅವರ ಮಾತನ್ನು ನಾನು ಅನುಮಾನಿಸಲಿಲ್ಲ, ಅಂಥ ಮಿಶ್ರತಳಿ ಅಷ್ಟು ಕೊಡುತ್ತದೆ. ಹಸು ಕೆಟ್ಟದ್ದಲ್ಲ, ಹೆಸರು ಮತ್ತು ಬೆಲೆ ಮಾತ್ರ ಬೇರೆಯವು.

ಬಿಲ್ಲೆಯ ಬಗ್ಗೆ ಒಂದು ಮಾತು. ಅದರ ಮೇಲಿನ 12 ಅಂಕಿಯ ಸಂಖ್ಯೆಯಿಂದ ಪಶುವೈದ್ಯ ಸಿಬ್ಬಂದಿ ಆ ದನದ ದಾಖಲೆ ತೆಗೆದು ನೋಡಬಹುದು. ಹಾಕಿದ ಲಸಿಕೆ, ಕೃತಕ ಗರ್ಭಧಾರಣೆಗೆ ಬಳಸಿದ ಹೋರಿ ಮುಂತಾದವು ದಾಖಲಾಗಿದ್ದರೆ ಫೋಟೊಗಿಂತ ಅದೇ ಗಟ್ಟಿ ಸಾಕ್ಷಿ. ಆದರೆ ‘ತಳಿ’ ಎಂಬ ಜಾಗದಲ್ಲಿ ಇರುವುದು ಬಿಲ್ಲೆ ಹಾಕಿದ ದಿನ ಯಾರೋ ಕಣ್ಣಲ್ಲಿ ನೋಡಿ ಬರೆದದ್ದು. ಅದು ರಕ್ತಪರೀಕ್ಷೆಯ ಫಲಿತಾಂಶವಲ್ಲ.

ಬೂದು ದನಗಳು: ಇಲ್ಲಿ ಕೊಂಬಿಗೇ ಮರ್ಯಾದೆ

ಹಳ್ಳಿಕಾರ್, ಅಮೃತಮಹಲ್, ಖಿಲ್ಲಾರಿ, ಕಂಗಾಯಂ ನಾಲ್ಕೂ ಹಿಣಿಲಿರುವ ಬೂದು ದನಗಳು, ನಾಲ್ಕರ ಕಿವಿಯೂ ಚಿಕ್ಕದು. ಹಾಗಾಗಿ ಮೊದಲೆರಡು ಪರೀಕ್ಷೆ ಇಲ್ಲಿ ಕೆಲಸಕ್ಕೆ ಬಾರದು. ಬಣ್ಣವೂ ಅಷ್ಟೆ. ಹೋರಿಯ ಕತ್ತು, ಹಿಣಿಲು ವಯಸ್ಸಿನೊಂದಿಗೆ ಕಪ್ಪಾಗುತ್ತವೆ, ಬೀಜ ಒಡೆಸಿದ ಮೇಲೆ ಅದೇ ದನ ತಿಳಿಯಾಗುತ್ತದೆ.

ಹಳ್ಳಿಕಾರ್‌ನ ಕೊಂಬುಗಳು ನೆತ್ತಿಯ ಮೇಲೆ ಒಂದಕ್ಕೊಂದು ಹತ್ತಿರದಲ್ಲೇ ಹುಟ್ಟುತ್ತವೆ. ಅರ್ಧ ಉದ್ದದವರೆಗೆ ನೇರ ಹಿಂದಕ್ಕೆ ಹೋಗಿ, ಅಲ್ಲಿಂದ ನಯವಾಗಿ ಮುಂದಕ್ಕೆ ಬಾಗಿ, ಕಪ್ಪು ಚೂಪು ತುದಿಯಲ್ಲಿ ಮುಗಿಯುತ್ತವೆ. ಮುಖ ಉದ್ದ, ಹಣೆಯ ನಡುವೆ ಒಂದು ಗೆರೆ ಹೊಡೆದಂಥ ತಗ್ಗು. 2000ರಲ್ಲಿ ಅಂಚೆ ಇಲಾಖೆ ದೇಶಿ ದನಗಳ ಅಂಚೆಚೀಟಿ ತಂದಾಗ ಗಿರ್, ಕಾಂಕ್ರೇಜ್, ಕಂಗಾಯಂ ಜೊತೆ ಹಳ್ಳಿಕಾರ್ ಕೂಡ ಇತ್ತು. ಕಂಗಾಯಂನ ಕೊಂಬು ದಪ್ಪ, ಬುಡಗಳ ನಡುವೆ ಅಂತರವಿದ್ದು ಹೊರಕ್ಕೆ ಹರಡಿ ಮತ್ತೆ ಒಳಕ್ಕೆ ಬಂದು ಬಳೆಯಂತಾಗುತ್ತದೆ. ಎದುರಿನಿಂದ ತೆಗೆದ ಒಂದೇ ಫೋಟೊದಲ್ಲಿ ಇವೆರಡು ಬೇರೆಯಾಗುತ್ತವೆ. ವಿಜಯಪುರ, ಸೊಲ್ಲಾಪುರ ಕಡೆಯ ಖಿಲ್ಲಾರಿಯ ಕೊಂಬು ಹಣೆಯ ಓರೆಯನ್ನೇ ಹಿಡಿದು ಹಿಂದಕ್ಕೆ ಹೋಗಿ ಬಿಲ್ಲಿನಂತೆ ಮೇಲಕ್ಕೆ ಏಳುತ್ತದೆ, ಮೈ ಹೆಚ್ಚು ಬಿಳಿ.

ಅಮೃತಮಹಲ್ ಬಂದಾಗ ಮಾತ್ರ ನಾನು ಕೈ ಚೆಲ್ಲುತ್ತೇನೆ. ಮೈಸೂರು ಅರಸರ ಬೆಣ್ಣೆ ಚಾವಡಿಯಿಂದ ಬೆಳೆದು, ಟಿಪ್ಪುವಿನ ಕಾಲದಲ್ಲಿ ಈ ಹೆಸರು ಪಡೆದ ತಳಿ ಅದು, ಹಳ್ಳಿಕಾರ್‌ನ ರಕ್ತ ಅದರಲ್ಲಿದೆ. ಕೊಂಬಿನ ತುದಿಗಳು ಒಳಕ್ಕೆ ತಿರುಗಿ, ವಯಸ್ಸಾದ ದನದಲ್ಲಿ ಒಂದಕ್ಕೊಂದು ಹೆಣೆದುಕೊಳ್ಳುವಷ್ಟು ಹತ್ತಿರ ಬರುತ್ತವೆ ಎಂಬುದೊಂದು ಸುಳಿವು. ಎರಡು ಹಲ್ಲಿನ ಹೋರಿಯಲ್ಲಿ ಅದನ್ನು ನೋಡಲು ಸಾಧ್ಯವಿಲ್ಲ. ಅಜ್ಜಂಪುರದ ಸರ್ಕಾರಿ ತಳಿ ಕೇಂದ್ರದ್ದು ಎಂದು ಕಾಗದ ಇದ್ದರೆ ನಂಬುತ್ತೇನೆ, ಬರೀ ಫೋಟೊ ಇದ್ದರೆ ಇಲ್ಲ.

ಕೊಂಬನ್ನು ನಂಬುವ ಮೊದಲು ಇನ್ನೊಂದು ಗೊತ್ತಿರಬೇಕು. ನಮ್ಮ ಕಡೆ ಜಾತ್ರೆಗೆ ಮುಂಚೆ ಕೊಂಬು ಹೆರೆಯುತ್ತಾರೆ. ಅಜ್ಜ ಗಾಜಿನ ಚೂರಿನಿಂದ ಕೊಂಬನ್ನು ಸಿಪ್ಪೆ ಸಿಪ್ಪೆಯಾಗಿ ಹೆರೆದು, ಎಣ್ಣೆ ಹಚ್ಚಿ ಕನ್ನಡಿಯಂತೆ ಮಾಡುತ್ತಿದ್ದರು, ನಾನು ಹಗ್ಗ ಹಿಡಿದು ನಿಲ್ಲುತ್ತಿದ್ದೆ. ಹೆರೆದ ಕೊಂಬು ತೆಳ್ಳಗೆ, ಚೂಪಾಗಿ, ತಳಿಗಿಂತ ಒಂದು ಕೈ ಮೇಲಾಗಿಯೇ ಕಾಣುತ್ತದೆ. ತುದಿಗೆ ಹಿತ್ತಾಳೆ ಅಣಸು ಹಾಕಿದರೆ ನಿಜವಾದ ತುದಿ ಎಲ್ಲಿ ತಿರುಗಿದೆಯೋ ಗೊತ್ತಾಗುವುದಿಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ತೆಗೆದ ಫೋಟೊಗಳಲ್ಲಿ ನಾನು ಬುಡವನ್ನು ಮಾತ್ರ ನೋಡುತ್ತೇನೆ. ಬುಡಗಳ ನಡುವಿನ ಅಂತರವನ್ನು ಯಾರೂ ಹೆರೆದು ಬದಲಿಸಲಾರರು.

ಎಮ್ಮೆ, ಮೇಕೆ

ಎಮ್ಮೆಗೆ ಹಿಣಿಲಿಲ್ಲ, ಬಣ್ಣವೂ ಬಹುಪಾಲು ಒಂದೇ. ಕೊಂಬೇ ನಿರ್ಧಾರಕ. ಮುರ್ರಾದ ಕೊಂಬು ಗಿಡ್ಡ, ಜಿಲೇಬಿಯಂತೆ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಸುರ್ತಿಯದು ಚಪ್ಪಟೆ ಕುಡುಗೋಲು, ಕೆಳಕ್ಕೂ ಹಿಂದಕ್ಕೂ ಹೋಗಿ ತುದಿ ಕೊಕ್ಕೆಯಂತೆ ಮೇಲೇಳುತ್ತದೆ. ದವಡೆಯ ಕೆಳಗೊಂದು, ಎದೆಯ ಮೇಲೊಂದು ಬಿಳಿ ಪಟ್ಟಿ ಇರುವುದು ಅದರ ಎರಡನೆಯ ಸಾಕ್ಷಿ. ಪಂಢರಪುರಿಯ ಕೊಂಬು ಭುಜ ದಾಟಿ ಹಿಂದಕ್ಕೆ ಚಾಚುತ್ತದೆ, ಒಮ್ಮೆ ನೋಡಿದವರು ಮರೆಯುವುದಿಲ್ಲ. ಬೆಂಗಳೂರಿನ ಸುತ್ತ ಮುರ್ರಾ ಎಂದು ಮಾರುವ ಎಷ್ಟೋ ಎಮ್ಮೆಗಳ ಕೊಂಬು ಸುರುಳಿಯಾಗದೆ ಅರ್ಧ ಬಳೆಯಷ್ಟಕ್ಕೇ ನಿಂತಿರುತ್ತದೆ. ಅವು ನಾಟಿ ಎಮ್ಮೆಗೆ ಮುರ್ರಾ ಕೋಣ ಬೆರೆತವು. ಆದರೆ ಇನ್ನೂ ಕರು ಹಾಕದ ಪಡ್ಡೆಯ ಸುರುಳಿ ಪೂರ್ತಿಯಾಗಿರುವುದಿಲ್ಲ, ಹಾಗಾಗಿ ಈ ಮಾತು ಎರಡು ಸೂಲು ಕಂಡ ಎಮ್ಮೆಗಷ್ಟೇ ಹೇಳಬಹುದು. ಎಮ್ಮೆಯ ಕೊಂಬನ್ನು ಪಕ್ಕದಿಂದಲೇ ತೆಗೆಸಬೇಕು, ಎದುರಿನಿಂದ ಸುರುಳಿ ಕಾಣದು.

ಮೇಕೆಯಲ್ಲಿ ಕಿವಿ ಮತ್ತು ಮೂಗಿನ ಗೆರೆ. ಜಮುನಾಪಾರಿಯ ಮೂಗು ಗಿಳಿಯ ಕೊಕ್ಕಿನಂತೆ ಉಬ್ಬಿರುತ್ತದೆ, ಕಿವಿ ಉದ್ದವಾಗಿ ಜೋತಿರುತ್ತದೆ, ಹಿಂಗಾಲುಗಳ ಹಿಂದೆ ದಟ್ಟ ಕೂದಲು. ಬೀಟಲ್‌ಗೂ ಉಬ್ಬು ಮೂಗು, ಜೋಲು ಕಿವಿ. ಆದರೆ ಸಾಮಾನ್ಯವಾಗಿ ಕಪ್ಪು ಅಥವಾ ಕಂದು, ಹಿಂಗಾಲಿನ ಆ ಕೂದಲಿಲ್ಲ. ಬಾರ್ಬರಿ ಚಿಕ್ಕದು, ಅದರ ಕಿವಿ ಕೊಳವೆಯಂತೆ ನಿಮಿರಿ ನಿಂತಿರುತ್ತದೆ. ಕರಿ ಮೇಕೆಯೆಲ್ಲ ಉಸ್ಮಾನಾಬಾದಿ ಎನ್ನುವುದು ಕೆಂಪು ಹಸುವೆಲ್ಲ ಗಿರ್ ಎಂದಷ್ಟೇ ಸರಿ. ಅಂದಹಾಗೆ ‘ಬನ್ನೂರು ಮೇಕೆ’ ಎಂದು ಫೋಟೊ ಕಳಿಸುವವರೂ ಇದ್ದಾರೆ. ಬನ್ನೂರಿನದು ಕುರಿ.

ಗಿಡ್ಡ ತಳಿಗಳ ಫೋಟೊ ಕಳಿಸಿದರೆ ನಾನು ಉತ್ತರವನ್ನೇ ಕೊಡುವುದಿಲ್ಲ. ಮಲೆನಾಡು ಗಿಡ್ಡವೋ ಪುಂಗನೂರೋ ಎಂಬುದಕ್ಕೆ ಎತ್ತರವೇ ಮುಖ್ಯ, ಫೋಟೊದಲ್ಲಿ ಎತ್ತರ ಇರುವುದಿಲ್ಲ. ಹತ್ತು ತಿಂಗಳ ಕರುವನ್ನು ಕುಳ್ಳ ಹಸುವೆಂದು ತೋರಿಸಬಹುದು. ಹಲ್ಲು ನೋಡಿ, ಟೇಪು ಹಿಡಿದು ಅಳೆಯಬೇಕು.

ಕೊನೆಗೆ ಆ ಹಸು ಏನಾಯಿತು

ಫೋಟೊ ನೋಡಿ ‘ಇದು ಗಿರ್ ಅಲ್ಲ’ ಎಂದು ಹೇಳುವುದು ಸುಲಭ, ‘ಇದು ಶುದ್ಧ ಗಿರ್’ ಎಂದು ಹೇಳುವುದು ಕಷ್ಟ. ನಾಲ್ಕೈದು ತಲೆಮಾರು ಗಿರ್ ಹೋರಿಯನ್ನೇ ಕೊಡಿಸಿದರೆ ಯಾವ ನಾಟಿ ಹಸುವಿನ ವಂಶವೂ ಗಿರ್‌ನಂತೆಯೇ ಕಾಣತೊಡಗುತ್ತದೆ. ಇದನ್ನು ತಮ್ಮನಿಗೆ ಹೇಳಿದ್ದು ತಪ್ಪಾಯಿತೇನೋ. ಅವನು ಅದೇ ಹಸುವನ್ನು ಚೌಕಾಸಿ ಮಾಡಿ ಮಿಶ್ರತಳಿಯ ಬೆಲೆಗೆ ತಂದು, ಬೆದೆಗೆ ಬಂದಾಗ ಗಿರ್ ವೀರ್ಯ ಕೊಡಿಸಿದ. ಹೆಣ್ಣುಕರು ಹುಟ್ಟಿತು. ಮುಕ್ಕಾಲು ಗಿರ್. ಕಿವಿ ತಾಯಿಯದಕ್ಕಿಂತ ಉದ್ದವಾಗಿ ಕೆನ್ನೆಯ ಮೇಲೆ ಜೋತಿದೆ, ಹಣೆಯೂ ತುಸು ಗುಂಡಗಿದೆ.

ಹುಟ್ಟಿದ ಮೂರನೆಯ ದಿನ ಅದರ ಮುಖದ ಫೋಟೊ ಬಂತು, ಎರಡು ಅಡಿ ದೂರದಿಂದ, ಎದುರಿನಿಂದ ತೆಗೆದದ್ದು. ‘ಅಣ್ಣ, ಈಗ ಗಿರ್ ಅನ್ನಬಹುದಾ?’

ಎರಡು ವರ್ಷ ಬಿಟ್ಟು, ಹತ್ತು ಅಡಿ ಹಿಂದೆ ನಿಂತು, ಪಕ್ಕದಿಂದ ತೆಗೆದು ಕಳಿಸು ಎಂದು ಬರೆದೆ.